ನೀರಿನೊಳಗೆ ತೂಗುವಾಗ ಉಳಿಕೆ ಗಾಳಿಯ ಲೆಕ್ಕ: ಅಳೆಸಬೇಕೋ, ಅಂದಾಜು ಸಾಕೋ?

ನೀರಿನೊಳಗೆ ಮುಳುಗಿಸಿ ತೂಗಿ ಮೈಯಲ್ಲಿ ಕೊಬ್ಬು ಎಷ್ಟಿದೆ ಅಂತ ಹೇಳುವ ಪರೀಕ್ಷೆಯ ವರದಿ ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಕೊನೆಯ ಶೇಕಡಾ ಸಂಖ್ಯೆಯನ್ನು. ನಾನು ಮೊದಲು ನೋಡುವುದು ಆರ್‌ವಿ ಅಂತ ಬರೆದ ಸಾಲನ್ನು, ಅಂದರೆ ಪೂರ್ತಿ ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ಲೆಕ್ಕವನ್ನು. ಅದನ್ನು ಅಳೆದಿದ್ದಾರಾ, ಇಲ್ಲ ಎತ್ತರ ವಯಸ್ಸು ಹಾಕಿ ಲೆಕ್ಕ ಮಾಡಿದ್ದಾರಾ, ಇಲ್ಲ ಎಲ್ಲ ಗಂಡಸರಿಗೂ 1.3 ಲೀಟರ್ ಅಂತ ಸುಮ್ನೆ ತುಂಬಿದ್ದಾರಾ? ಕೊನೆಯ ಸಂಖ್ಯೆಯನ್ನು ಎಷ್ಟು ನಂಬಬಹುದು ಅನ್ನುವುದು ಬಹುಪಾಲು ಅಲ್ಲೇ ತೀರ್ಮಾನ ಆಗುತ್ತದೆ.

ನಾನು ಶ್ವಾಸಕೋಶದ ಪರೀಕ್ಷೆ ಮಾಡುವ ಕೋಣೆಯಲ್ಲಿ ಕೆಲಸ ಮಾಡುವವನು. ಮನೆ ಮಂಜೇಶ್ವರದ ಕಡೆ. ಕುಂಬಳೆ, ಉಪ್ಪಳ, ಬದಿಯಡ್ಕದ ಕಬಡ್ಡಿ ಹುಡುಗರು ಮತ್ತು ಅವರನ್ನು ತಯಾರು ಮಾಡುವ ಮಾಷ್ಟ್ರುಗಳು ಇಂಥ ವರದಿ ಹಿಡಿದುಕೊಂಡು ಬಂದು ಕೇಳುತ್ತಿರುತ್ತಾರೆ. ತೂಕದ ಮಿತಿ ಇರುವ ಪಂದ್ಯಗಳಿಗೆ ಹುಡುಗ ಎಷ್ಟು ಇಳಿಯಬಹುದು ಅನ್ನುವುದು ಅವರ ಪ್ರಶ್ನೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಗಾಳಿಯನ್ನು ಯಾಕೆ ಕಳೆಯಬೇಕು

ಕೊಬ್ಬು ನೀರಿಗಿಂತ ಹಗುರ, ಸ್ನಾಯು ಮತ್ತು ಮೂಳೆ ನೀರಿಗಿಂತ ಭಾರ. ಹಾಗಾಗಿ ಕೊಬ್ಬು ಜಾಸ್ತಿ ಇದ್ದವರು ನೀರಿನೊಳಗೆ ಕಡಿಮೆ ತೂಗುತ್ತಾರೆ. ಹೊರಗಿನ ತೂಕದಿಂದ ನೀರಿನೊಳಗಿನ ತೂಕ ಕಳೆದು, ಅದನ್ನು ನೀರಿನ ಸಾಂದ್ರತೆಯಿಂದ ಭಾಗಿಸಿದರೆ ಮೈಯ ಗಾತ್ರ ಲೀಟರ್‌ನಲ್ಲಿ ಸಿಗುತ್ತದೆ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಮೈಯ ಸಾಂದ್ರತೆ. ಅದರಿಂದ ಕೊಬ್ಬಿನ ಲೆಕ್ಕ.

ತೊಂದರೆ ಏನೆಂದರೆ, ಎಷ್ಟೇ ಜೋರಾಗಿ ಉಸಿರು ಬಿಟ್ಟರೂ ಶ್ವಾಸಕೋಶ ಪೂರ್ತಿ ಖಾಲಿ ಆಗುವುದಿಲ್ಲ. ಕೊನೆಗೂ ಒಳಗೆ ಒಂದು ಲೀಟರ್ ಆಸುಪಾಸು ಗಾಳಿ ಉಳಿದೇ ಇರುತ್ತದೆ. ಇದೇ ಉಳಿಕೆ ಗಾಳಿ, ಅಂದರೆ ಆರ್‌ವಿ. ಇದಕ್ಕೆ ತೂಕ ಇಲ್ಲದ ಹಾಗೆಯೇ, ಆದರೆ ಜಾಗ ಮಾತ್ರ ಹಿಡಿಯುತ್ತದೆ, ಮನುಷ್ಯನನ್ನು ಮೇಲಕ್ಕೆ ಎತ್ತುತ್ತದೆ. ಕಳೆಯದೆ ಬಿಟ್ಟರೆ ಲೆಕ್ಕ ಆ ಗಾಳಿಯನ್ನು ಕೊಬ್ಬು ಅಂತಲೇ ತಿಳಿದುಕೊಳ್ಳುತ್ತದೆ. ಕರುಳಿನಲ್ಲೂ ಒಂದಿಷ್ಟು ಗಾಳಿ ಇರುತ್ತದೆ, ಅದಕ್ಕೆ ವಾಡಿಕೆಯಲ್ಲಿ 0.1 ಲೀಟರ್ ಅಂತ ಎಲ್ಲರಿಗೂ ಒಂದೇ ಸಂಖ್ಯೆ ಹಾಕುತ್ತಾರೆ.

ಸೂತ್ರ ಹೀಗಿದೆ:

```
Db   = Wa / ((Wa - Ww)/Dw - RV - 0.1)
%Fat = 495/Db - 450
```

Wa ಹೊರಗಿನ ತೂಕ, Ww ನೀರಿನೊಳಗಿನ ತೂಕ (ಕುರ್ಚಿ, ಸರಪಳಿಯ ತೂಕ ಕಳೆದ ಮೇಲೆ), Dw ಆ ದಿನದ ನೀರಿನ ಸಾಂದ್ರತೆ. ಎರಡನೇ ಸಾಲು ಸಿರಿ ಅನ್ನುವವರ ಸಮೀಕರಣ. ಬ್ರೋಜೆಕ್ ಅವರದ್ದೂ ಒಂದಿದೆ, ಸ್ವಲ್ಪ ಬೇರೆ ಸಂಖ್ಯೆ ಕೊಡುತ್ತದೆ. ಇಲ್ಲಿ ಸಿರಿಯದನ್ನೇ ಹಿಡಿಯೋಣ.

ಈ ಎರಡು ಸಾಲನ್ನು ಒಟ್ಟಿಗೆ ಇಟ್ಟು ನೋಡಿದರೆ ತುಂಬ ಉಪಯೋಗದ ಒಂದು ವಿಷಯ ಹೊರಗೆ ಬರುತ್ತದೆ. ಗಾಳಿಯ ಲೆಕ್ಕದಲ್ಲಿ ಎಷ್ಟು ಲೀಟರ್ ತಪ್ಪಾಯಿತೋ ಅದನ್ನು 495ರಿಂದ ಗುಣಿಸಿ, ಮನುಷ್ಯನ ತೂಕದಿಂದ ಭಾಗಿಸಿ. ಕೊಬ್ಬಿನ ಶೇಕಡಾದಲ್ಲಿ ಅಷ್ಟು ತಪ್ಪು. 80 ಕೆಜಿಯವನಿಗೆ 100 ಮಿಲಿ ತಪ್ಪಿದರೆ ಸುಮಾರು 0.6 ಅಂಶ. 62 ಕೆಜಿಯವನಿಗೆ 0.8. 45 ಕೆಜಿಯ ಹುಡುಗಿಗೆ 1.1. ಅಂದರೆ ಮೈ ಹಗುರ ಆದಷ್ಟೂ ಅದೇ ತಪ್ಪು ದೊಡ್ಡದಾಗಿ ಕಾಣುತ್ತದೆ. ನಮ್ಮ ಕಡೆಯ ಹುಡುಗ ಹುಡುಗಿಯರ ತೂಕ ನೋಡಿದರೆ ಇದು ನಮಗೆ ಜಾಸ್ತಿ ಮುಖ್ಯ ಅಲ್ವಾ?

ದಿಕ್ಕನ್ನೂ ನೆನಪಿಟ್ಟುಕೊಳ್ಳಿ. ಇರುವುದಕ್ಕಿಂತ ಜಾಸ್ತಿ ಗಾಳಿ ಕಳೆದರೆ ಕೊಬ್ಬು ಕಡಿಮೆ ಬರುತ್ತದೆ. ಕಡಿಮೆ ಗಾಳಿ ಕಳೆದರೆ ಕೊಬ್ಬು ಜಾಸ್ತಿ ಬರುತ್ತದೆ.

ಒಬ್ಬನೇ ಹುಡುಗ, ಐದು ಉತ್ತರ

ಲೆಕ್ಕಕ್ಕೆ ಒಬ್ಬ ಕಬಡ್ಡಿ ಹುಡುಗನನ್ನು ಹಿಡಿಯೋಣ. ವಯಸ್ಸು 28, ಎತ್ತರ 170 ಸೆಂಮೀ, ತೂಕ 62 ಕೆಜಿ. ನೀರಿನೊಳಗೆ 2.6 ಕೆಜಿ ತೂಗಿದ. ನೀರು ಬಿಸಿ ಮಾಡಿದ್ದಲ್ಲ, ನಮ್ಮ ಕರಾವಳಿಯ ಸೆಖೆಯಲ್ಲಿ ತಾನಾಗಿಯೇ 30 ಡಿಗ್ರಿ ಇದೆ, ಹಾಗಾಗಿ ಸಾಂದ್ರತೆ 0.9957. ಗಾತ್ರ 59.4 ಭಾಗಿಸು 0.9957, ಅಂದರೆ 59.66 ಲೀಟರ್. ಇಲ್ಲಿವರೆಗೆ ಯಾರ ತಕರಾರೂ ಇಲ್ಲ.

ಗಾಳಿಯನ್ನು ಕಳೆಯದೆಯೇ ಮುಂದೆ ಹೋದರೆ ಕೊಬ್ಬು 26.3% ಬರುತ್ತದೆ. ಇದು ಯಾರೂ ನಂಬದ ಸಂಖ್ಯೆ, ಹುಡುಗನ ಹೊಟ್ಟೆ ನೋಡಿದರೇ ಗೊತ್ತಾಗುತ್ತದೆ. ಇದನ್ನು ಬರೆದದ್ದು ತಿದ್ದುಪಡಿ ಎಷ್ಟು ದೊಡ್ಡದು ಅಂತ ತೋರಿಸುವುದಕ್ಕೆ ಮಾತ್ರ.

ಎಲ್ಲ ಗಂಡಸರಿಗೂ 1.3 ಲೀಟರ್ ಅನ್ನುವ ಸ್ಥಿರ ಸಂಖ್ಯೆ ಹಾಕಿದರೆ 15.1%. ಹೆಂಗಸರಿಗೆ ಹೀಗೇ 1.0 ಲೀಟರ್ ಹಾಕುವ ರೂಢಿ ಇದೆ.

ಎತ್ತರ ಮತ್ತು ವಯಸ್ಸಿನಿಂದ ಅಂದಾಜು ಮಾಡುವ ಸಮೀಕರಣಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಗೋಲ್ಡ್‌ಮನ್ ಮತ್ತು ಬೆಕ್‌ಲೇಕ್ 1959ರಲ್ಲಿ ಕೊಟ್ಟದ್ದು:

```
RV (M) = 0.027 x cm + 0.017 x age - 3.447
RV (F) = 0.032 x cm + 0.009 x age - 3.900
```

ನಮ್ಮ ಹುಡುಗನಿಗೆ ಇದು 1.62 ಲೀಟರ್ ಕೊಡುತ್ತದೆ. ಕೊಬ್ಬು 12.6%ಕ್ಕೆ ಇಳಿಯುತ್ತದೆ.

ಮೂರನೇ ದಾರಿ ವೈಟಲ್ ಕೆಪಾಸಿಟಿಯಿಂದ. ಪೂರ್ತಿ ಎಳೆದುಕೊಂಡು ಪೂರ್ತಿ ಬಿಟ್ಟ ಗಾಳಿಯನ್ನು ಸ್ಪೈರೋಮೀಟರ್‌ನಲ್ಲಿ ಅಳೆದು, ಗಂಡಸರಿಗೆ ಅದರ 24%, ಹೆಂಗಸರಿಗೆ 28% ಉಳಿಕೆ ಗಾಳಿ ಅಂತ ಹಿಡಿಯುವುದು. ಹುಡುಗನ ವೈಟಲ್ ಕೆಪಾಸಿಟಿ 3.9 ಲೀಟರ್ ಇತ್ತು ಅಂದುಕೊಳ್ಳಿ. ಉಳಿಕೆ ಗಾಳಿ 0.94, ಕೊಬ್ಬು 18.0%.

ಕೊನೆಯದು ನಿಜವಾಗಿ ಅಳೆಯುವುದು. ಅಳೆದಾಗ 1.15 ಲೀಟರ್ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಕೊಬ್ಬು 16.3%.

ಅದೇ ಹುಡುಗ, ಅದೇ ನೀರು, ಅದೇ ತಕ್ಕಡಿ. ತಿದ್ದುಪಡಿ ಮಾಡಿದ ನಾಲ್ಕು ಉತ್ತರಗಳೂ 12.6ರಿಂದ 18ರ ನಡುವೆ ಹರಡಿಕೊಂಡಿವೆ. ಕೆಜಿಯಲ್ಲಿ ಹೇಳುವುದಾದರೆ 7.8 ಕೆಜಿ ಕೊಬ್ಬಿನಿಂದ 11.2 ಕೆಜಿ ತನಕ.

ಇದರಿಂದ ಆಗುವುದೇನು ಅಂತ ಮಾಷ್ಟ್ರು ಕೇಳಿಯೇ ಕೇಳುತ್ತಾರೆ. ಹುಡುಗ 58 ಕೆಜಿಗೆ ಇಳಿಯಬೇಕು ಅನ್ನೋಣ. ಸ್ನಾಯು ಹಾಳಾಗದೆ ಇಳಿಯುವುದು ಕೊಬ್ಬು ಮಾತ್ರ ಅಂತ ಹಿಡಿದರೆ, ಎತ್ತರ-ವಯಸ್ಸಿನ ಅಂದಾಜಿನ ಪ್ರಕಾರ 58 ಕೆಜಿಯಲ್ಲಿ ಅವನಿಗೆ 3.8 ಕೆಜಿ ಕೊಬ್ಬು ಉಳಿಯುತ್ತದೆ, ಅಂದರೆ 6.6%. ಅಳೆದ ಸಂಖ್ಯೆಯ ಪ್ರಕಾರ 6.1 ಕೆಜಿ ಉಳಿಯುತ್ತದೆ, 10.5%. ಅಮೆರಿಕದ ಹೈಸ್ಕೂಲ್ ಕುಸ್ತಿಯಲ್ಲಿ ಹುಡುಗರು 7%ಕ್ಕಿಂತ ಕೆಳಗೆ ಇಳಿಯುವ ತೂಕದಲ್ಲಿ ಆಡಬಾರದು ಅನ್ನುವ ನಿಯಮ ಇದೆ. ಆ ಗೆರೆಯನ್ನು ಇಲ್ಲಿಗೂ ಹಿಡಿದರೆ ಒಂದು ಲೆಕ್ಕ ಬೇಡ ಅನ್ನುತ್ತದೆ, ಇನ್ನೊಂದು ಆರಾಮಾಗಿ ಇಳಿಯಬಹುದು ಅನ್ನುತ್ತದೆ. ಹುಡುಗನ ಮೈಯಲ್ಲಿ ಏನೂ ಬದಲಾಗಿಲ್ಲ, ಬದಲಾದದ್ದು ಆರ್‌ವಿ ಸಾಲು ಮಾತ್ರ. ಇದರ ಉಲ್ಟಾ ಆಗುವುದು ಇನ್ನೂ ಅಪಾಯ. ವೈಟಲ್ ಕೆಪಾಸಿಟಿಯ ಲೆಕ್ಕದಂತೆ ನಿಜಕ್ಕಿಂತ ಕಡಿಮೆ ಗಾಳಿ ಕಳೆದು ಕೊಬ್ಬು ಜಾಸ್ತಿ ತೋರಿಸಿದರೆ, ಇಲ್ಲದ ಕೊಬ್ಬನ್ನು ಇಳಿಸಲು ಹೋಗಿ ಹುಡುಗ ಸ್ನಾಯುವನ್ನೇ ಕಳೆದುಕೊಳ್ಳುತ್ತಾನೆ.

ಅಂದಾಜು ಸಮೀಕರಣಗಳಲ್ಲಿ ಯಾವುದು

ಎತ್ತರ ವಯಸ್ಸಿನ ಸಮೀಕರಣ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಂದು ಗುಂಪಿನ ಸರಾಸರಿ ತೆಗೆಯಲು ಅದು ಪರವಾಗಿಲ್ಲ. ಒಬ್ಬನ ಬಗ್ಗೆ ಹೇಳುವಾಗಲೇ ಕೈಕೊಡುತ್ತದೆ. ಯುರೋಪಿನ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯದ ಸಮೀಕರಣ ಅಂತ ಇನ್ನೊಂದಿದೆ, 1993ರದ್ದು, ನಮ್ಮ ಪರೀಕ್ಷೆಯ ಯಂತ್ರಗಳಲ್ಲೂ ಇರುತ್ತದೆ. ಅದೂ ಈ ಹುಡುಗನಿಗೆ 1.61 ಲೀಟರ್ ಅನ್ನುತ್ತದೆ. ಎರಡು ಸಮೀಕರಣ ಒಂದೇ ಮಾತು ಹೇಳಿತು ಅಂತ ಖುಷಿಪಡಬೇಡಿ. ಆ ಸಮೀಕರಣದ ಜೊತೆಗೇ ಅದರ ಹರಡುವಿಕೆಯನ್ನೂ ಕೊಟ್ಟಿದ್ದಾರೆ, ಗಂಡಸರಿಗೆ 0.41 ಲೀಟರ್. ಅಂದರೆ ಆರೋಗ್ಯವಾಗಿರುವ ಮೂವರಲ್ಲಿ ಒಬ್ಬರ ನಿಜವಾದ ಉಳಿಕೆ ಗಾಳಿ ಅಂದಾಜಿಗಿಂತ 400 ಮಿಲಿಗೂ ಹೆಚ್ಚು ಆಚೆ ಅಥವಾ ಈಚೆ ಇರುತ್ತದೆ. ನಮ್ಮ 62 ಕೆಜಿ ಹುಡುಗನಿಗೆ ಅದು 3.3 ಅಂಶ ಕೊಬ್ಬು.

ಇನ್ನೊಂದು ಮಾತು. ಅದೇ ಎತ್ತರದ ಯುರೋಪಿನವರ ಜೊತೆ ಹೋಲಿಸಿದರೆ ನಮ್ಮವರ ವೈಟಲ್ ಕೆಪಾಸಿಟಿ ಸಾಮಾನ್ಯವಾಗಿ ಕಡಿಮೆ. ಪರೀಕ್ಷೆಯ ಕೋಣೆಯಲ್ಲಿ ಇದನ್ನು ದಿನಾ ನೋಡುತ್ತೇವೆ. ಯಾವುದೇ ಕಾಯಿಲೆ ಇಲ್ಲದ ಹುಡುಗ ಊದಿದರೂ ಯುರೋಪಿನ ಸಮೀಕರಣದ ಎದುರು ಕಡಿಮೆಯೇ ಬರುತ್ತದೆ. ಹಾಗಿರುವಾಗ ಉಳಿಕೆ ಗಾಳಿಗೆ ಮಾತ್ರ ಅವರ ಸಂಖ್ಯೆಯನ್ನೇ ಕಣ್ಣುಮುಚ್ಚಿ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಅಳೆಯಲು ದಾರಿ ಇಲ್ಲ, ಸ್ಪೈರೋಮೀಟರ್ ಮಾತ್ರ ಇದೆ ಅನ್ನುವವರಿಗೆ ಒಂದು ತಾಳೆ ನೋಡುವ ಕ್ರಮ ಹೇಳುತ್ತೇನೆ. ಉಳಿಕೆ ಗಾಳಿ ಮತ್ತು ವೈಟಲ್ ಕೆಪಾಸಿಟಿ ಕೂಡಿಸಿದರೆ ಶ್ವಾಸಕೋಶದ ಒಟ್ಟು ಸಾಮರ್ಥ್ಯ. ಆರೋಗ್ಯವಾಗಿರುವ ಯುವಕರಲ್ಲಿ ಉಳಿಕೆ ಗಾಳಿ ಆ ಒಟ್ಟಿನ 20ರಿಂದ 25% ಸುತ್ತ ಇರುತ್ತದೆ, ವಯಸ್ಸಾದ ಹಾಗೆ ಏರುತ್ತದೆ. ನಮ್ಮ ಹುಡುಗನಿಗೆ 1.62 ಹಾಕಿದರೆ ಒಟ್ಟು 5.52, ಪಾಲು 29%. ಬೀಡಿ ಸಿಗರೇಟು ಸೇದದ, ಉಬ್ಬಸ ಇಲ್ಲದ 28ರ ಹುಡುಗನಿಗೆ ಇದು ಜಾಸ್ತಿಯೇ. ಅಲ್ಲಿಗೇ ಅನುಮಾನ ಬರಬೇಕು. ಅಳೆದ 1.15ಕ್ಕೆ ಪಾಲು 23% ಬರುತ್ತದೆ, ಸರಿ ಕೂತುಕೊಳ್ಳುತ್ತದೆ. ಈ ತಾಳೆ ನಿಜವಾದ ಸಂಖ್ಯೆ ಕೊಡುವುದಿಲ್ಲ, ಸಮೀಕರಣ ದಾರಿ ತಪ್ಪಿದ್ದನ್ನು ತೋರಿಸುತ್ತದೆ. ಹಾಗೇ, ವೈಟಲ್ ಕೆಪಾಸಿಟಿಯ 24% ಅನ್ನುವ ದಾರಿಗೆ ಈ ತಾಳೆ ಹಾಕಿ ಪ್ರಯೋಜನ ಇಲ್ಲ, ಅದರಲ್ಲಿ ಪಾಲು ಯಾವಾಗಲೂ ಒಂದೇ ಬರುತ್ತದೆ.

ಸ್ಥಿರ ಸಂಖ್ಯೆ ನಮ್ಮ ಉದಾಹರಣೆಯಲ್ಲಿ ಹತ್ತಿರ ಬಂತು, ಅಷ್ಟಕ್ಕೆ ಅದು ಒಳ್ಳೆಯದು ಅಂತ ಅಲ್ಲ. ಗಿಡ್ಡಗಿನ ಹುಡುಗನಿಗೂ ಆರಡಿಯವನಿಗೂ ಒಂದೇ ಗಾಳಿ ಅನ್ನುವ ಲೆಕ್ಕ ಅದು.

ಅಳೆಯುವುದಾದರೆ ಹೇಗೆ

ಅಳೆಯುವ ದಾರಿಗಳಲ್ಲೂ ಆಯ್ಕೆ ಇದೆ. ಹೀಲಿಯಂ ಬೆರೆಸುವ ಕ್ರಮದಲ್ಲಿ ಗೊತ್ತಿರುವಷ್ಟು ಹೀಲಿಯಂ ಇರುವ ಮುಚ್ಚಿದ ಕೊಳವೆಯಲ್ಲಿ ಉಸಿರಾಡಿಸುತ್ತಾರೆ, ಅದು ಎಷ್ಟು ತೆಳುವಾಯಿತು ಅನ್ನುವುದರಿಂದ ಶ್ವಾಸಕೋಶದ ಗಾಳಿ ಗೊತ್ತಾಗುತ್ತದೆ. ನೈಟ್ರೋಜನ್ ತೊಳೆಯುವ ಕ್ರಮದಲ್ಲಿ ಶುದ್ಧ ಆಮ್ಲಜನಕ ಕೊಟ್ಟು, ಹೊರಬರುವ ಉಸಿರಿನಲ್ಲಿ ನೈಟ್ರೋಜನ್ 1.5%ಕ್ಕಿಂತ ಕೆಳಗೆ ಇಳಿಯುವ ತನಕ ಹೊರಬಂದ ನೈಟ್ರೋಜನ್ ಎಲ್ಲವನ್ನೂ ಕೂಡಿಸುತ್ತಾರೆ. ಮತ್ತೊಮ್ಮೆ ಮಾಡುವ ಮೊದಲು ಕನಿಷ್ಠ 15 ನಿಮಿಷ ಬಿಡಬೇಕು, ಇಲ್ಲದಿದ್ದರೆ ಒಳಗಿನ ನೈಟ್ರೋಜನ್ ಮೊದಲಿನ ಮಟ್ಟಕ್ಕೆ ಬಂದಿರುವುದಿಲ್ಲ. ಈ ಎರಡರಲ್ಲೂ ಮಾಮೂಲಿ ಉಸಿರಿನ ಕೊನೆಯಲ್ಲಿ ಉಳಿಯುವ ಗಾಳಿ ಸಿಗುತ್ತದೆ, ಅದರಿಂದ ಇನ್ನೂ ಹೊರಹಾಕಬಹುದಾದ ಪಾಲನ್ನು ಕಳೆದರೆ ಆರ್‌ವಿ.

ಎರಡಕ್ಕೂ ಒಂದೇ ಶತ್ರು, ಸೋರಿಕೆ. ಬಾಯಿಯ ಮೂಲೆಯಲ್ಲಿ ಅಥವಾ ಸಡಿಲವಾದ ಮೂಗಿನ ಕ್ಲಿಪ್ಪಿನಲ್ಲಿ. ಹೀಲಿಯಂ ಹೊರಗೆ ಸೋರಿದರೆ ಜಾಸ್ತಿ ತೆಳುವಾದ ಹಾಗೆ ಕಾಣುತ್ತದೆ. ನೈಟ್ರೋಜನ್ ಕ್ರಮದಲ್ಲಿ ಕೋಣೆಯ ಗಾಳಿ ಒಳಗೆ ಸೇರಿದರೆ ಅದರ ನೈಟ್ರೋಜನ್ ಕೂಡ ಶ್ವಾಸಕೋಶದ್ದು ಅಂತ ಲೆಕ್ಕಕ್ಕೆ ಬರುತ್ತದೆ. ಎರಡರಲ್ಲೂ ಆರ್‌ವಿ ಇರುವುದಕ್ಕಿಂತ ಜಾಸ್ತಿ, ಹಾಗಾಗಿ ಕೊಬ್ಬು ಇರುವುದಕ್ಕಿಂತ ಕಡಿಮೆ. ಗೊತ್ತಾಗುವುದು ಹೀಗೆ: ಹೀಲಿಯಂ ಗೆರೆ ಒಂದು ಮಟ್ಟಕ್ಕೆ ನಿಲ್ಲದೆ ಇಳಿಯುತ್ತಲೇ ಇರುತ್ತದೆ, ನೈಟ್ರೋಜನ್ ಗೆರೆ ಇಳಿಯುತ್ತಾ ಬಂದು ಮಧ್ಯದಲ್ಲಿ ಥಟ್ಟನೆ ಮೇಲೆ ಹಾರುತ್ತದೆ. ವರದಿಯ ಜೊತೆ ಆ ಗೆರೆಯ ಕಾಗದ ಕೊಡುತ್ತಾರಾ ಅಂತ ಕೇಳಿ. ಎರಡು ಸಲ ಅಳೆದು ಎರಡೂ 100 ಮಿಲಿ ಒಳಗೆ ಹೊಂದಿಕೊಂಡಿರಬೇಕು.

ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸಿ ಒತ್ತಡದಿಂದ ಅಳೆಯುವ ಬಾಡಿ ಬಾಕ್ಸ್ ಬೇರೆ ಜಾತಿಯದ್ದು. ಉಬ್ಬಸ ಇರುವವರಲ್ಲಿ, ತುಂಬಾ ವರ್ಷ ಬೀಡಿ ಸೇದಿದವರಲ್ಲಿ ಗಾಳಿ ಒಳಗೇ ಸಿಕ್ಕಿಹಾಕಿಕೊಂಡಿರುತ್ತದೆ. ಹೀಲಿಯಂ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ, ಹಾಗಾಗಿ ಆರ್‌ವಿ ಕಡಿಮೆ ತೋರಿಸುತ್ತದೆ. ಆದರೆ ನೀರಿನೊಳಗೆ ಮನುಷ್ಯನನ್ನು ಮೇಲೆ ಎತ್ತುವುದು ಆ ಸಿಕ್ಕಿಹಾಕಿಕೊಂಡ ಗಾಳಿಯೂ ಹೌದು. ಬಾಡಿ ಬಾಕ್ಸ್ ಅದನ್ನೂ ಸೇರಿಸಿ ಅಳೆಯುತ್ತದೆ. ಇಂಥವರಿಗೆ ಅದೇ ಸರಿ. ಇವರಿಗೆ ಎತ್ತರ-ವಯಸ್ಸಿನ ಅಂದಾಜು ಹಾಕಿದರೆ ನಿಜವಾದ ಗಾಳಿಗಿಂತ ಕಡಿಮೆ ಕಳೆದ ಹಾಗಾಗಿ ಕೊಬ್ಬು ಜಾಸ್ತಿ ಬರುತ್ತದೆ.

ನನಗೆ ಹೆಚ್ಚು ಮೆಚ್ಚುಗೆ ಆಗುವುದು ನಾಲ್ಕನೆಯದು, ಆಮ್ಲಜನಕದ ಚೀಲದ ಕ್ರಮ. ಪೂರ್ತಿ ಉಸಿರು ಬಿಟ್ಟ ಕ್ಷಣದಲ್ಲೇ ಗೊತ್ತಿರುವಷ್ಟು ಆಮ್ಲಜನಕ ತುಂಬಿದ ಚೀಲಕ್ಕೆ ಬಾಯಿ ಸೇರಿಸಿ, ಕೆಲವು ಸಲ ಆಳವಾಗಿ ಎಳೆದು ಬಿಟ್ಟು, ಚೀಲಕ್ಕೆ ಎಷ್ಟು ನೈಟ್ರೋಜನ್ ಬೆರೆತಿತು ಅಂತ ನೋಡುವುದು. ವಿಲ್ಮೋರ್ 1969ರಲ್ಲಿ ಇದನ್ನು ಸರಳ ಮಾಡಿದರು. ಬೇಗ ಮುಗಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ತೂಗುವ ಟ್ಯಾಂಕಿನಲ್ಲೇ ಮಾಡಬಹುದು.

ಯಾವ ಕ್ರಮವೇ ಆಗಲಿ, ಯಂತ್ರದಲ್ಲಿ ಅಳೆದ ಗಾಳಿಯನ್ನು ಮೈಯ ಬಿಸಿಗೆ ಬದಲಿಸಿದ್ದಾರಾ ನೋಡಿ. 30 ಡಿಗ್ರಿ ಕೋಣೆಯಲ್ಲಿ ಅಳೆದ ಒಂದು ಲೀಟರ್ ಗಾಳಿ ಎದೆಯೊಳಗೆ 37 ಡಿಗ್ರಿಯಲ್ಲಿ 1.045 ಲೀಟರ್ ಆಗಿರುತ್ತದೆ. ಇದನ್ನು ಮರೆತರೆ ನಮ್ಮ ಹುಡುಗನಿಗೆ ಸುಮಾರು 50 ಮಿಲಿ, ಅಂದರೆ 0.4 ಅಂಶ ಕೊಬ್ಬು ಜಾಸ್ತಿ. ಏರ್ ಕಂಡೀಷನ್ ಹಾಕಿ ಕೋಣೆಯನ್ನು ತಂಪು ಮಾಡಿದ್ದರೆ ತಪ್ಪು ಇನ್ನೂ ದೊಡ್ಡದು.

ಹೊರಗೆ ಅಳೆಯುವುದೋ, ನೀರಿನಲ್ಲೇ ಅಳೆಯುವುದೋ

ಇಲ್ಲಿ ಜನ ಅಷ್ಟು ಗಮನ ಕೊಡುವುದಿಲ್ಲ, ಆದರೆ ನನ್ನ ಪ್ರಕಾರ ಅಳೆಸಿದವರಲ್ಲೂ ತಪ್ಪು ಬರುವುದು ಹೆಚ್ಚಾಗಿ ಇಲ್ಲೇ.

ಹೊರಗೆ ಕುರ್ಚಿಯಲ್ಲಿ ಕೂತು ಅಳೆದಾಗ ಹುಡುಗ ಕೊನೆಯ ಹನಿ ತನಕ ಉಸಿರು ಬಿಡುತ್ತಾನೆ, ಪಕ್ಕದಲ್ಲಿ ನಿಂತು ನಾವೂ "ಬಿಡು, ಬಿಡು, ಇನ್ನೂ ಬಿಡು" ಅಂತ ಹೇಳುತ್ತಿರುತ್ತೇವೆ. ನೀರಿನೊಳಗೆ ಮುಖ ಮುಳುಗಿದ ಮೇಲೆ ಆ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಚಂದ್ರಗಿರಿ ಹೊಳೆಯಲ್ಲಿ ಈಜಿ ಬೆಳೆದ ಹುಡುಗನೇ ಆದರೂ, ಈಜುವವರಿಗೆ ಮುಳುಗುವಾಗ ಉಸಿರು ಹಿಡಿಯುವುದೇ ಅಭ್ಯಾಸ, ಖಾಲಿ ಎದೆಯಲ್ಲಿ ಮುಳುಗಿ ಅಲುಗಾಡದೆ ಕೂರುವುದಲ್ಲ. ಅವನು 300 ಮಿಲಿ ಒಳಗೆ ಉಳಿಸಿಕೊಂಡರೆ ನೀರಿನೊಳಗಿನ ತೂಕ 300 ಗ್ರಾಂ ಕಡಿಮೆ ಬರುತ್ತದೆ. ಹೊರಗೆ ಅಳೆದ ಆರ್‌ವಿ ಎಷ್ಟೇ ಸರಿ ಇದ್ದರೂ ಈ 300 ಮಿಲಿ ಲೆಕ್ಕದಲ್ಲಿ ಇಲ್ಲ. 62 ಕೆಜಿಯವನಿಗೆ ಅದು 2.4 ಅಂಶ ಕೊಬ್ಬಾಗಿ ಸೇರಿಕೊಳ್ಳುತ್ತದೆ.

ತೂಗುವ ಕ್ಷಣದಲ್ಲೇ ಟ್ಯಾಂಕಿನಲ್ಲಿ ಗಾಳಿ ಅಳೆದರೆ ಈ ತೊಂದರೆ ತಾನಾಗಿ ಹೋಗುತ್ತದೆ. ಹುಡುಗ ಪೂರ್ತಿ ಬಿಟ್ಟನಾ ಅನ್ನುವುದು ಆಗ ಮುಖ್ಯ ಅಲ್ಲ. ತಕ್ಕಡಿ ಓದಿದ ಹೊತ್ತಿಗೆ ಎದೆಯಲ್ಲಿ ಎಷ್ಟು ಗಾಳಿ ಇತ್ತೋ ಅಷ್ಟನ್ನೇ ಕಳೆಯುತ್ತೇವೆ. ನೀರಿಗೆ ಹೆದರುವವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಇದೇ ಒಳ್ಳೆಯದು. ಇದಕ್ಕೆ ಟ್ಯಾಂಕಿಗೆ ಕೊಳವೆ ಜೋಡಿಸಿದ ಯಂತ್ರ ಬೇಕು, ಪಳಗಿದ ಇಬ್ಬರು ಬೇಕು, ಹಾಗಾಗಿ ಎಲ್ಲ ಕಡೆ ಸಿಗುವುದಿಲ್ಲ.

ಸಿಗದಿದ್ದರೆ, ಹೊರಗೆ ಅಳೆಯುವುದಾದರೂ ಟ್ಯಾಂಕಿನಲ್ಲಿ ಕೂರುವ ಹಾಗೆಯೇ ಮುಂದಕ್ಕೆ ಬಗ್ಗಿ ಕೂರಿಸಿ ಅಳೆಯಲು ಹೇಳಿ. ಮಲಗಿ ಅಳೆದದ್ದು ಬೇರೆಯೇ ಬರುತ್ತದೆ. ತೂಗುವುದನ್ನು ಎಂಟು ಹತ್ತು ಸಲ ಮಾಡಬೇಕು. ಮೊದಲ ಮೂರು ನಾಲ್ಕು ಸಲ ಸಂಖ್ಯೆ ಏರುತ್ತಾ ಹೋಗುತ್ತದೆ, 2.2, 2.35, 2.45 ಅಂತ, ಹುಡುಗ ಉಸಿರು ಬಿಡುವುದನ್ನು ಕಲಿಯುತ್ತಿದ್ದಾನೆ ಅಂತ ಅರ್ಥ. ಕೊನೆಯ ಮೂರು 100 ಗ್ರಾಂ ಒಳಗೆ ನಿಂತರೆ ಅವುಗಳ ಸರಾಸರಿ ತೆಗೆದುಕೊಳ್ಳಬಹುದು. ಹತ್ತನೇ ಸಲವೂ ಏರುತ್ತಲೇ ಇದ್ದರೆ ಆ ದಿನದ ಸಂಖ್ಯೆ ಬೇಡ, ಇನ್ನೊಂದು ದಿನ ಬನ್ನಿ ಅನ್ನುವುದೇ ಸರಿ. ತಕ್ಕಡಿ ಓದುವಾಗಲೂ ಮೂಗಿನಿಂದ ಗುಳ್ಳೆ ಬರುತ್ತಿದ್ದರೆ ಆ ಓದು ಲೆಕ್ಕಕ್ಕಿಲ್ಲ.

ನಿಮಗೆ ಯಾವುದು

ಒಬ್ಬನದೇ ಸಂಖ್ಯೆಯ ಮೇಲೆ ತೂಕ ಇಳಿಸುವ ತೀರ್ಮಾನ ನಿಂತಿದ್ದರೆ ಅಳೆಸಲೇಬೇಕು. ಅದರಲ್ಲೂ 55 ಕೆಜಿಗಿಂತ ಹಗುರ ಇರುವವರಿಗೆ, ಕೊಬ್ಬು ಮೊದಲೇ ಕಡಿಮೆ ಇರುವ ಆಟಗಾರರಿಗೆ ಅಂದಾಜನ್ನು ನಾನು ಒಪ್ಪುವುದಿಲ್ಲ. ತುಂಬಾ ತೆಳ್ಳಗಿನ ಓಟಗಾರರ ವರದಿಯಲ್ಲಿ 2%, 3% ಅಂತ ಬಂದರೆ ಮೊದಲು ಅನುಮಾನಿಸಬೇಕಾದದ್ದು ಜಾಸ್ತಿ ಕಳೆದ ಆರ್‌ವಿಯನ್ನು. ಟ್ಯಾಂಕ್ ಇರುವ ಜಾಗದಲ್ಲಿ ಅಳೆಯುವ ಯಂತ್ರ ಇಲ್ಲದಿದ್ದರೆ, ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಶ್ವಾಸಕೋಶ ಪರೀಕ್ಷೆಯ ಕೋಣೆಯಲ್ಲಿ ಆರ್‌ವಿ ಮಾತ್ರ ಅಳೆಸಿಕೊಂಡು ಬಂದು ಲೆಕ್ಕಕ್ಕೆ ಕೊಡಬಹುದು. ಹೋಗುವ ಮೊದಲು ಕೇಳಿ, ಬರೀ ಸ್ಪೈರೋಮೆಟ್ರಿ ಮಾಡುವ ಕಡೆ ಆರ್‌ವಿ ಸಿಗುವುದಿಲ್ಲ. ಊದಿ ಹೊರಬಂದ ಗಾಳಿಯನ್ನು ಮಾತ್ರ ಸ್ಪೈರೋಮೀಟರ್ ಅಳೆಯುತ್ತದೆ, ಉಳಿದದ್ದು ಅದಕ್ಕೆ ಕಾಣುವುದಿಲ್ಲ.

ಒಬ್ಬನನ್ನೇ ತಿಂಗಳಾನುಗಟ್ಟಲೆ ಹಿಂಬಾಲಿಸಿ ನೋಡುವುದಾದರೆ ಮಾತು ಬೇರೆ. ಅಲ್ಲಿ ಬೇಕಾದದ್ದು ಎಷ್ಟು ಬದಲಾಯಿತು ಅನ್ನುವುದು. ಪ್ರತಿ ಸಲ ಅದೇ ಆರ್‌ವಿ ಹಾಕಿದರೆ ತಪ್ಪು ಎರಡು ಕಡೆಯೂ ಇದ್ದು ಬಹುಪಾಲು ಕಳೆದುಹೋಗುತ್ತದೆ. ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ತೂಕ ಇಳಿದ ಮೇಲೆ ಅದೇ ಲೀಟರ್ ತಪ್ಪು ಸ್ವಲ್ಪ ದೊಡ್ಡದಾಗುತ್ತದೆ. ನಮ್ಮ ಹುಡುಗನಿಗೆ 0.47 ಲೀಟರ್ ತಪ್ಪಿದ್ದರೆ 62 ಕೆಜಿಯಲ್ಲಿ ಅದು 3.75 ಅಂಶ, 58 ಕೆಜಿಯಲ್ಲಿ 4.0. ಕಾಲು ಅಂಶದ ವ್ಯತ್ಯಾಸ, ತಡೆದುಕೊಳ್ಳಬಹುದು. ಹಾಗಾಗಿ ಇಲ್ಲಿ ಅಂದಾಜು ಸಾಕು, ಆದರೆ ಮಧ್ಯದಲ್ಲಿ ಸಮೀಕರಣ ಬದಲಿಸಬೇಡಿ. ಜೂನ್‌ನಲ್ಲಿ ಸ್ಥಿರ ಸಂಖ್ಯೆ, ಆಗಸ್ಟ್‌ನಲ್ಲಿ ಎತ್ತರ-ವಯಸ್ಸಿನದ್ದು ಹಾಕಿದರೆ ಹುಡುಗ ಏನೂ ಮಾಡದೆಯೇ ಎರಡೂವರೆ ಅಂಶ ಕೊಬ್ಬು ಇಳಿಸಿದ ಹಾಗೆ ಬರುತ್ತದೆ. ಮೊದಲ ಸಲ ಹೆದರಿ ಗಾಳಿ ಉಳಿಸಿಕೊಂಡು, ಎರಡನೇ ಸಲ ಸರಿಯಾಗಿ ಬಿಟ್ಟರೂ ಹೀಗೇ ಆಗುತ್ತದೆ. ಅದಕ್ಕೇ ಮೊದಲ ದಿನದ ಓದುಗಳು ಒಂದೇ ಕಡೆ ನಿಂತಿದ್ದವಾ ಅಂತ ಹಳೆಯ ಹಾಳೆ ತೆಗೆದು ನೋಡಿ, ಆಮೇಲೆ ಇಳಿಯಿತು ಅಂತ ಹೇಳಿ.

ಶಾಲೆ ಕಾಲೇಜಿನ ಪ್ರಾಜೆಕ್ಟಿಗೆ ನಲವತ್ತು ಐವತ್ತು ಮಂದಿಯ ಸರಾಸರಿ ತೆಗೆಯುವವರು ಸಮೀಕರಣ ಬಳಸಬಹುದು, ಯಾವುದು ಅಂತ ಬರೆದರೆ ಸಾಕು. ಅದರಲ್ಲಿ ಯಾರಾದರೂ ಒಬ್ಬರ ಸಂಖ್ಯೆಯನ್ನು ಬೇರೆ ತೆಗೆದು ಅವರಿಗೆ ಹೇಳುವುದು ಬೇಡ. ಬೀಡಿ ಸಿಗರೇಟು ಸೇದುವವರಿಗೆ, ಉಬ್ಬಸ ಇರುವವರಿಗೆ ಬಾಡಿ ಬಾಕ್ಸ್, ಅದು ಸಿಗದಿದ್ದರೆ ಈ ಪರೀಕ್ಷೆಯನ್ನೇ ಬಿಡುವುದು ಒಳ್ಳೆಯದು.

ಆರ್‌ವಿ ಸರಿಯಾಗಿ ಅಳೆದರೂ ಸಿರಿಯ ಸಮೀಕರಣಕ್ಕೆ ಅದರದೇ ಮಿತಿ ಇದೆ. ಕೊಬ್ಬಿಲ್ಲದ ಮೈಯ ಸಾಂದ್ರತೆ ಎಲ್ಲರಲ್ಲೂ 1.1 ಅಂತ ಅದು ನಂಬುತ್ತದೆ. ಬೆಳೆಯುವ ಮಕ್ಕಳಲ್ಲಿ, ಮೂಳೆ ಸವೆದ ವಯಸ್ಸಾದವರಲ್ಲಿ ಅದು ಹಾಗಿರುವುದಿಲ್ಲ. ಆದ್ದರಿಂದ ಅಳೆದ ಆರ್‌ವಿಯ ಜೊತೆಗೂ 16.3 ಅಂತ ದಶಾಂಶ ಹಿಡಿದು ವಾದ ಮಾಡುವ ಬದಲು 16ರ ಸುತ್ತಮುತ್ತ ಅಂತ ಓದಿಕೊಳ್ಳಿ. ವರದಿ ಕೊಡುವವರ ಹತ್ತಿರ ನೀರಿನ ಬಿಸಿ, ಕೊನೆಯ ಮೂರು ಓದು, ಆರ್‌ವಿ ಎಷ್ಟು, ಅದು ಎಲ್ಲಿಂದ ಬಂತು, ಯಾವ ಸಮೀಕರಣ ಅನ್ನುವ ಐದನ್ನೂ ಬರೆಸಿಕೊಳ್ಳಿ. ಇವಿಷ್ಟು ಹಾಳೆಯಲ್ಲಿ ಇದ್ದರೆ ಮುಂದೆ ಆರ್‌ವಿ ಅಳೆಸಿದಾಗ ಹುಡುಗನನ್ನು ಮತ್ತೆ ನೀರಿಗೆ ಇಳಿಸುವ ಅಗತ್ಯ ಇಲ್ಲ, ಹಳೆಯ ತೂಕಕ್ಕೇ ಹೊಸ ಆರ್‌ವಿ ಹಾಕಿ ಲೆಕ್ಕ ತಿದ್ದಬಹುದು.